ಅರಿಶಿನ ದಾರದ ಕಟ್ಟು

ಹುಡುಗ ಬೆಂಚಿನ ಮೇಲೆ ಸುಮ್ಮನೆ ಕೂತಿದ್ದ. ನನಗೆ ಭಯ ಹುಟ್ಟಿದ್ದೇ ಅದರಿಂದ.

ಹುಡುಗರು ಸುಮ್ಮನೆ ಕೂತರೆ ಭಯಪಡುವುದೇನು ಬಂತು ಎಂದು ನೀವು ಕೇಳಬಹುದು. ಈ ಹುಡುಗನನ್ನು ನೀವು ಐದು ದಿನದ ಹಿಂದೆ ನೋಡಿದ್ದರೆ ಕೇಳುತ್ತಿರಲಿಲ್ಲ. ಕುಣಿಗಲ್ಲಿನವನು, ಎಂಟು ವರ್ಷ, ಮೂರನೇ ಕ್ಲಾಸು, ಹೆಸರು ಸುಬ್ಬಕೃಷ್ಣ. ಹೋದ ಶುಕ್ರವಾರ ಅಮ್ಮ, ಅಜ್ಜಿಯ ಜೊತೆ ತುಮಕೂರಿನ ನಮ್ಮ ಡಾಕ್ಟರ ಶಾಪಿಗೆ ಬಂದವನು ಕಾಲು ಗಂಟೆಯಲ್ಲಿ ನನ್ನ ಮೇಜು ಹತ್ತಿದ್ದ, ತೂಕದ ತಕ್ಕಡಿಯಲ್ಲಿ ತನ್ನ ಚಪ್ಪಲಿ ಇಟ್ಟು ತೂಗಿದ್ದ, ಮಿಕ್ಸ್‌ಚರ್ ಬಾಟಲಿಯ ಬಿರಡೆ ತೆಗೆದು ಮೂಸಿ ಕೆಮ್ಮಿದ್ದ. "ಇದು ಯಾಕೆ ಕೆಂಪು? ಅದು ಯಾಕೆ ಕಹಿ? ನಿಮ್ಮ ಕಿವಿಯಲ್ಲಿ ಯಾಕೆ ಕೂದಲು?" ಎಂದು ಕೇಳುವುದು, ನಾನು ಬಾಯಿ ತೆರೆಯುವುದರೊಳಗೆ ಇನ್ನೊಂದಕ್ಕೆ ಹಾರುವುದು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. "ಇಳೀತೀಯೋ ಇಲ್ಲಾ ಸೂಜಿ ತರ್ಲೋ?" ಎಂದು ಗದರಿದರೆ, "ಯಾವ ಸೂಜಿ? ತೋರ್ಸಿ" ಎಂದು ಕೈ ಚಾಚಿದ ಪುಣ್ಯಾತ್ಮ.

ಆ ಹುಡುಗ ಇವತ್ತು, ಬುಧವಾರ ಬೆಳಗ್ಗೆ ಹನ್ನೊಂದು ಗಂಟೆಗೆ, ನೆಲದ ಒಂದೇ ಕಲ್ಲನ್ನು ನೋಡುತ್ತಾ ಕೂತಿದ್ದ. ತುಟಿ ಒಣಗಿತ್ತು. ಹೆಬ್ಬೆರಳಿನ ಪಕ್ಕದ ಸಿಪ್ಪೆ ಕೀಳುತ್ತಿದ್ದ, ರಕ್ತ ಬಂದರೂ ಬಿಡುತ್ತಿರಲಿಲ್ಲ.

ನನ್ನ ಹೆಸರು ರಾಮಾಂಜಿನಯ್ಯ. ಊರು ಗುಬ್ಬಿ. ದಿನಾ ಬೆಳಗಿನ ರೈಲಿಗೆ ತುಮಕೂರಿಗೆ ಬಂದು ಮಕ್ಕಳ ಡಾಕ್ಟರು ಚಂದ್ರಶೇಖರಯ್ಯನವರ ಹತ್ತಿರ ಕಾಂಪೌಂಡರ್ ಕೆಲಸ ಮಾಡುತ್ತಿದ್ದೆ. ಇದು ಎಂಬತ್ನಾಲ್ಕನೇ ಇಸವಿಯ ಮಾತು. ಆಗಿನ್ನೂ ನಾವು ಮಾತ್ರೆಯನ್ನು ಕಲ್ಲಿನ ಬಟ್ಟಲಿನಲ್ಲಿ ಅರೆದು, ಸಕ್ಕರೆ ಪುಡಿ ಸೇರಿಸಿ, ಕಾಗದದಲ್ಲಿ ಪೊಟ್ಟಣ ಕಟ್ಟಿ ಕೊಡುತ್ತಿದ್ದೆವು. ನನ್ನ ಪೊಟ್ಟಣಕ್ಕೆ ಹೆಸರಿತ್ತು. ಒಂದು ಸಾಲು ಪೊಟ್ಟಣ ಇಟ್ಟರೆ ಒಂದಕ್ಕಿಂತ ಇನ್ನೊಂದು ಕಾಳಿನಷ್ಟೂ ದಪ್ಪ ಕಾಣಬಾರದು. ಆ ಜಂಬವೇ ನನಗೆ ಮುಳುವಾಯಿತು.

ಈ ಹುಡುಗನಿಗೆ ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಹೈಪರ್‌ಕೈನೆಟಿಕ್ ಎಂದು ಬರೆದಿದ್ದರು. ಮನಸ್ಸು ಒಂದು ಕಡೆ ನಿಲ್ಲುವುದಿಲ್ಲ, ಮೈಯೂ ನಿಲ್ಲುವುದಿಲ್ಲ, ಅವನು ಬೇಕೆಂದು ಮಾಡುವುದಲ್ಲ, ಅಪ್ಪ ಅಮ್ಮ ಬೆಳೆಸಿದ ತಪ್ಪೂ ಅಲ್ಲ ಎಂದು ನಮ್ಮ ಡಾಕ್ಟರು ಬಿಡಿಸಿ ಹೇಳಿದ್ದರು. ಮೀಥೈಲ್‌ಫೆನಿಡೇಟ್ ಎನ್ನುವ ಹತ್ತು ಮಿಲಿಗ್ರಾಂ ಮಾತ್ರೆ. ಬೆಂಗಳೂರಿನಿಂದಲೇ ತರಿಸಬೇಕು, ಬೀಗದ ಕಪಾಟಿನಲ್ಲಿಡಬೇಕು, ಎಷ್ಟು ಖರ್ಚಾಯಿತು ಎಂದು ಬರೆದಿಡಬೇಕು. ಎದ್ದು ಕುಣಿಯುವ ಹುಡುಗನಿಗೆ ಚುರುಕಿನ ಮಾತ್ರೆ ಕೊಡುವುದು ಎಂದರೆ ಏನು ಎಂದು ನಾನು ಕೇಳಿದ್ದೆ. "ಗಮನಕ್ಕೆ ಕಡಿವಾಣ ಹಿಡಿಯೋ ಭಾಗ ಇದೆ ನೋಡು ತಲೇಲಿ, ಅದನ್ನ ಎಬ್ಬಿಸುತ್ತೆ ಕಣಯ್ಯ" ಎಂದಿದ್ದರು ಡಾಕ್ಟರು.

ಆಮೇಲೆ ಚೀಟಿಯಲ್ಲಿ ಬರೆದುಕೊಟ್ಟರು. ಮೊದಲ ವಾರ ಬೆಳಗ್ಗೆ ತಿಂಡಿ ಜೊತೆ ಅರ್ಧ ಮಾತ್ರೆ, ಮಧ್ಯಾಹ್ನ ಊಟದ ಜೊತೆ ಅರ್ಧ. ನಾಲ್ಕು ಗಂಟೆ ಮೇಲೆ ಮುಟ್ಟುವ ಹಾಗಿಲ್ಲ, ನಿದ್ದೆ ಕೆಡುತ್ತದೆ. ಎರಡನೇ ವಾರ ಬೇಕೆನಿಸಿದರೆ ಬೆಳಗ್ಗೆ ಒಂದು, ಮಧ್ಯಾಹ್ನ ಅರ್ಧ. ಮೂರನೇ ವಾರ ಬೇಕೆನಿಸಿದರೆ ಒಂದು, ಒಂದು. ನಾಲ್ಕನೇ ವಾರ ಒಂದೂವರೆ, ಒಂದು. ನನ್ನನ್ನು ಪಕ್ಕಕ್ಕೆ ಕರೆದು ಬೆರಳು ತೋರಿಸಿ ಹೇಳಿದ್ದರು: "ಒಂದು ವಾರದ್ದು ಮಾತ್ರ ಕೊಡು. ವಾರಾವಾರ ನಾನು ನಾಡಿ ನೋಡ್ಬೇಕು, ತೂಕ ನೋಡ್ಬೇಕು, ಮೇಷ್ಟ್ರು ಏನ್ ಬರೆದವ್ರೆ ನೋಡ್ಬೇಕು. ಆಮೇಲೆ ಮುಂದಿಂದು. ಎಷ್ಟು ಕಮ್ಮೀಲಿ ಕೆಲ್ಸ ಆಗುತ್ತೋ ಅಲ್ಲೇ ನಿಲ್ಸೋದು. ಗೊತ್ತಾಯ್ತಾ?"

ಗೊತ್ತಾಗಿತ್ತು. ಆದರೆ ಹುಡುಗನ ಅಜ್ಜಿ ಅಲಮೇಲಮ್ಮ ನನ್ನ ಕಿಟಕಿಯ ಹತ್ತಿರ ನಿಂತು, "ಕಾಂಪೌಂಡ್ರಪ್ಪಾ, ಮಂಡಿ ನೋವಪ್ಪ ನಂಗೆ. ಸೊಸೆ ತಾಲ್ಲೂಕಾಫೀಸ್ನಲ್ಲಿ ಟೈಪಿಸ್ಟು, ವಾರಾವಾರ ರಜ ಯಾರು ಕೊಡ್ತಾರೆ? ನಾಲ್ಕು ವಾರದ್ದೂ ಕಟ್ಟಿಕೊಟ್ಬುಡು, ಪುಣ್ಯ ಬರುತ್ತೆ" ಎಂದು ಗೋಗರೆದರು. ನನಗೆ ಅಯ್ಯೋ ಅನ್ನಿಸಿತು. ನಿಜ ಹೇಳಬೇಕೆಂದರೆ, ನಾಲ್ಕು ವಾರದ ಲೆಕ್ಕವನ್ನು ಒಂದೇ ಏಟಿಗೆ ಕಟ್ಟಿಕೊಡಬಲ್ಲೆ ಎಂದು ತೋರಿಸುವ ಆಸೆಯೂ ಇತ್ತು. ಡಾಕ್ಟರು ಒಳಗಿದ್ದರು. ಕಟ್ಟಿಕೊಟ್ಟೆ.

ಬೆಳಗಿನದಕ್ಕೆ ಉದ್ದ ಮಡಿಕೆ, ಮಧ್ಯಾಹ್ನದ್ದಕ್ಕೆ ಚೌಕ ಮಡಿಕೆ. ಅರ್ಧ ಮಾತ್ರೆ ಇದ್ದಲ್ಲಿ ಸಕ್ಕರೆ ಹೆಚ್ಚು, ಒಂದೂವರೆ ಇದ್ದಲ್ಲಿ ಸಕ್ಕರೆ ಕಡಿಮೆ. ಯಾವುದು ಯಾವುದೆಂದು ನನಗೂ ನೋಡಿ ಹೇಳಲು ಆಗುತ್ತಿರಲಿಲ್ಲ, ಅಷ್ಟು ಸಮ. ಮೊದಲ ವಾರದ ಕಟ್ಟಿಗೆ ಬಿಳಿ ದಾರ, ಎರಡನೆಯದಕ್ಕೆ ನೀಲಿ, ಮೂರನೆಯದಕ್ಕೆ ಕೆಂಪು. ನಾಲ್ಕನೆಯದಕ್ಕೆ ದಾರ ಮುಗಿದಿತ್ತು. ಆಯುಧಪೂಜೆಗೆ ತಕ್ಕಡಿಗೆ ಕಟ್ಟಲೆಂದು ನನ್ನ ಹೆಂಡತಿ ಮಂಜುಳಮ್ಮ ಹೊಸೆದುಕೊಟ್ಟ ಅರಿಶಿನದ ದಾರ ಡ್ರಾಯರಿನಲ್ಲಿ ಉಳಿದಿತ್ತು. ಅದನ್ನೇ ಸುತ್ತಿದೆ. ಹುಡುಗನ ಅಮ್ಮ ಕೌಸಲ್ಯಳಿಗೆ, "ಬಿಳಿ, ನೀಲಿ, ಕೆಂಪು, ಕೊನೇಗೆ ಅರಿಶಿನ. ಮರೀಬೇಡಿ ಕಣಮ್ಮ" ಎಂದೆ. ಕಟ್ಟಿನ ಮೇಲೆ ಒಂದು, ಎರಡು ಎಂದು ಬರೆಯಲಿಲ್ಲ. ಬಣ್ಣ ಇದೆಯಲ್ಲ, ಬರೆಯುವುದು ಯಾಕೆ ಎಂದುಕೊಂಡೆ. ನನ್ನ ಕೈಗೆ ಲಕ್ವ ಹೊಡೆದಿತ್ತೇನೋ.

ಈಗ ಬುಧವಾರಕ್ಕೆ ಬರೋಣ. ಡಾಕ್ಟರು ಹುಡುಗನನ್ನು ಒಳಗೆ ಕರೆದರು, ನಾನು ಬಾಗಿಲ ಹತ್ತಿರವೇ ನಿಂತೆ. ಸೋಮವಾರ ಶುರು ಮಾಡಿದ್ದು ಎಂದಳು ಕೌಸಲ್ಯ. ಅವಳ ಕಣ್ಣು ಗುಳಿಬಿದ್ದಿತ್ತು.

"ಎರಡು ದಿನದಿಂದ ಅನ್ನಾನೇ ಮುಟ್ತಿಲ್ಲ ಸಾರ್. ತಟ್ಟೆ ಕಂಡ್ರೆ ಅಳ್ತಾನೆ. ಸಂಜೆ ಆರಾದ್ರೆ ಸಾಕು, ಕಾರಣವೇ ಇಲ್ದೆ ಬಿಕ್ಕಿಬಿಕ್ಕಿ ಅಳೋದು. ನಿದ್ದೆ ಅಂತೂ ಇಲ್ವೇ ಇಲ್ಲ. ಎದೆ ಢಬಢಬ ಅಂತಿದೆ ಅಮ್ಮ ಅಂತ ನನ್ನ ಕೈ ತಗೊಂಡು ಇಟ್ಕೋತಾನೆ."

"ಅದೊಂದು ಬಿಟ್ರೆ ಮಗು ಬಂಗಾರ ಆಗಿದೆ!" ಎಂದರು ಅಲಮೇಲಮ್ಮ. "ಕ್ಲಾಸಿನ ಸರ್ವಮಂಗಳಮ್ಮ ಮೇಡಂ ಚೀಟೀನೇ ಬರ್ಕೊಟ್ಟವ್ರೆ, ನೋಡಿ. ಬೆಳಗ್ಗಿಂದ ಸಂಜೆ ತನಕ ಗೊಂಬೆ ಹಂಗೆ ಕೂತಿದ್ದನಂತೆ. ಹೆಡ್‌ಮಾಸ್ಟ್ರು ದೀಪಾವಳಿ ಒಳಗೆ ಸರಿಹೋಗ್ದಿದ್ರೆ ಟೀಸಿ ಕೊಡ್ತೀನಿ ಅಂದಿದ್ರಲ್ಲ, ಇನ್ನು ಆ ಮಾತೇ ಇಲ್ಲ."

ಡಾಕ್ಟರು ಚೀಟಿ ಓದಲಿಲ್ಲ. ಹುಡುಗನ ಮಣಿಕಟ್ಟು ಹಿಡಿದು ಗಡಿಯಾರ ನೋಡುತ್ತಿದ್ದರು. ಪೂರ್ತಿ ಒಂದು ನಿಮಿಷ ಎಣಿಸಿದರು. "ನೂರ ಮೂವತ್ತೆರಡು. ಶುಕ್ರವಾರ ತೊಂಬತ್ತೆರಡಿತ್ತು" ಎಂದರು. ಬಿ.ಪಿ. ನೋಡಿದರು, ಅದೂ ಏರಿತ್ತು. ಹುಡುಗನ ಗಲ್ಲ ಎತ್ತಿ, "ಏನಪ್ಪ ಸುಬ್ಬು, ಇವತ್ತು ಏನೂ ಕೇಳಲ್ವಾ ನನ್ನ?" ಎಂದರು. ಅವನು ಇಲ್ಲವೆಂದು ತಲೆಯಾಡಿಸಿದ. ಒಂದು ಹನಿ ಕಣ್ಣೀರು ಇಳಿಯಿತು, ಒರೆಸಿಕೊಳ್ಳಲೂ ಇಲ್ಲ.

"ಎಷ್ಟು ಕೊಡ್ತಿದೀರಿ?"

"ನೀವು ಹೇಳ್ದಂಗೇ ಸಾರ್. ಬೆಳಗ್ಗೆ ಒಂದು ಪೊಟ್ಟಣ, ಮಧ್ಯಾಹ್ನ ಮನೆಗೆ ಊಟಕ್ಕೆ ಬಂದಾಗ ಒಂದು. ಅತ್ತೇನೇ ಕೊಡೋದು."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅಂದ್ರೆ ಐದೈದು ಮಿಲಿಗ್ರಾಂ. ಇಪ್ಪತ್ತೆರಡು ಕೇಜಿ ಮಗುಗೆ ಅಷ್ಟಕ್ಕೇ ಹಿಂಗಾದ್ರೆ... ಇವನ ಮೈಗೆ ಈ ಔಷಧಿ ಆಗೋದಿಲ್ಲಮ್ಮ. ನಿಲ್ಲಿಸಿಬಿಡೋಣ. ಇವತ್ತಿನ ಮಧ್ಯಾಹ್ನದ್ದೂ ಬೇಡ. ಇನ್ನು ಮುಂದೇನೂ ಬೇಡ."

ಕೌಸಲ್ಯ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಹಂಗಾದ್ರೆ ಸ್ಕೂಲು ಸಾರ್?"

"ನೋಡೋಣ" ಎಂದರು ಡಾಕ್ಟರು. ಆ ಕಾಲಕ್ಕೆ ಕುಣಿಗಲ್ಲಿನಲ್ಲಿ ಇಂಥ ಹುಡುಗನನ್ನು ಇಟ್ಟುಕೊಳ್ಳುವ ಇನ್ನೊಂದು ಸ್ಕೂಲು ಎಲ್ಲಿತ್ತು?

ಆಗ ನಾನು ಅದನ್ನು ನೋಡಿದೆ. ಹುಡುಗನ ಬಲಗೈ ಮಣಿಕಟ್ಟಿನಲ್ಲಿ ಒಂದು ದಾರ. ಅರಿಶಿನದ ದಾರ. ಮಂಜುಳಮ್ಮ ಹೊಸೆದದ್ದು, ಮೂರೆಳೆ, ತುದಿಯಲ್ಲಿ ಅವಳು ಹಾಕುವ ದಪ್ಪ ಗಂಟು. ನನ್ನ ಕೈಯಾರೆ ನಾಲ್ಕನೇ ವಾರದ ಕಟ್ಟಿಗೆ ಸುತ್ತಿದ ದಾರ.

ನಾಲ್ಕನೇ ಕಟ್ಟು ಬಿಚ್ಚಿದ್ದಾರೆ! ಬೆಳಗ್ಗೆ ಹದಿನೈದು, ಮಧ್ಯಾಹ್ನ ಹತ್ತು. ಮೊದಲ ದಿನವೇ. ಹೇಳೋ ಮೂರ್ಖ, ಈಗಲೇ ಹೇಳೋ ಎಂದು ಮನಸ್ಸು ಬಡಿದುಕೊಂಡಿತು. ಬಾಯಿ ಬರಲಿಲ್ಲ. ಹದಿನೇಳು ವರ್ಷದ ಕೆಲಸ, ಡಾಕ್ಟರ ಬೆರಳು, "ಒಂದು ವಾರದ್ದು ಮಾತ್ರ" ಎಂಬ ಮಾತು, ಎಲ್ಲಾ ಅಡ್ಡ ಬಂದವು. ಹೇಗೂ ಔಷಧಿ ನಿಲ್ಲಿಸಿದರಲ್ಲ, ಹುಡುಗ ಸರಿಹೋಗುತ್ತಾನೆ, ಯಾರಿಗೂ ಗೊತ್ತಾಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಥೂ.

ಅವರು ಹೊರಟರು. ಅಲಮೇಲಮ್ಮ ನನ್ನ ಕಿಟಕಿಯ ಹತ್ತಿರ ಬಂದು ದನಿ ತಗ್ಗಿಸಿದರು. "ಡಾಕ್ಟ್ರಿಗೆ ಹೇಳ್ಬೇಡಪ್ಪ. ಮಧ್ಯಾಹ್ನದ ಪೊಟ್ಟಣ ಸೊಂಟದಲ್ಲೇ ಇಟ್ಕೊಂಡಿದೀನಿ. ಬಸ್ಸಲ್ಲೇ ಬಾಳೇಹಣ್ಣಿನ ಜೊತೆ ಕೊಟ್ಬುಡ್ತೀನಿ. ಸಂಕಟ ಎರಡು ದಿನ, ಆಮೇಲೆ ಮೈಗೆ ಒಗ್ಗುತ್ತೆ. ಮೊದಲ್ನೇ ಸಲ ಮಗು ಸುಮ್ನೆ ಕೂತಿದೆ, ಅದನ್ನ ನಿಲ್ಲಿಸು ಅಂದ್ರೆ ಹೆಂಗೆ?" ಎಂದು ನನ್ನ ಉತ್ತರಕ್ಕೂ ಕಾಯದೆ ಮೆಟ್ಟಿಲು ಇಳಿದರು.

ಅಷ್ಟರಲ್ಲಿ ಡಾಕ್ಟರು ಕರೆದು ಒಂದು ಕವರು ಕೈಗಿಟ್ಟರು. "ಬೆಂಗಳೂರಿನ ದೊಡ್ಡಾಸ್ಪತ್ರೆಗೆ. ಈಗಿಂದೀಗ ಪೋಸ್ಟ್ ಮಾಡ್ಬಾರಯ್ಯ." ಕವರಿಗೆ ಅಂಟು ಹಚ್ಚುವುದು ನನ್ನ ಕೆಲಸ. ಹಚ್ಚುವಾಗ ಒಳಗಿನ ಕಾಗದ ಕಣ್ಣಿಗೆ ಬಿತ್ತು. ನನಗೆ ಅಷ್ಟು ಇಂಗ್ಲಿಷು ಬರುತ್ತದೆ. ಐದು ಮಿಲಿಗ್ರಾಂ ದಿನಕ್ಕೆರಡು ಸಲ ಕೊಟ್ಟು ನೋಡಿದೆ, ತಡೆದುಕೊಳ್ಳಲಿಲ್ಲ, ಖಾಯಂ ಆಗಿ ನಿಲ್ಲಿಸಿದ್ದೇನೆ ಎಂದಿತ್ತು.

ಕವರು ಹಿಡಿದು ರಸ್ತೆಗೆ ಬಂದೆ. ಅಂಚೆ ಡಬ್ಬ ಇದ್ದದ್ದು ನಾಲ್ಕು ಹೆಜ್ಜೆ ದೂರದಲ್ಲಿ. ಈ ಕಾಗದ ಆ ಡಬ್ಬದೊಳಗೆ ಬಿದ್ದರೆ, ಇನ್ನು ಯಾವ ಡಾಕ್ಟರೂ ಈ ಹುಡುಗನಿಗೆ ಈ ಔಷಧಿ ಮುಟ್ಟಿಸುವುದಿಲ್ಲ. ಅವನು ಐದು ಮಿಲಿಗ್ರಾಂ ಕಂಡೇ ಇಲ್ಲ! ಅರ್ಧ ಮಾತ್ರೆ ಅವನ ನಾಲಿಗೆ ಮೇಲೆ ಒಂದು ಸಲವೂ ಬಿದ್ದಿಲ್ಲ. ಕಾಗದದಲ್ಲಿರುವುದು ಡಾಕ್ಟರ ಕೈಬರಹ, ಸುಳ್ಳು ಮಾತ್ರ ನನ್ನದು. ಅದಕ್ಕಿಂತ ಮೇಲೆ, ಬಸ್ಸಿನಲ್ಲಿ ಬಾಳೆಹಣ್ಣು. ಬೆಳಗಿನ ಹದಿನೈದೇ ಇನ್ನೂ ಇಳಿದಿಲ್ಲ, ನಾಡಿ ನೂರ ಮೂವತ್ತೆರಡು, ಅದರ ಮೇಲೆ ಇನ್ನೂ ಹತ್ತು.

ಕವರನ್ನು ಜೇಬಿಗೆ ತುರುಕಿ ಓಡಿದೆ. ನಲವತ್ತೊಂಬತ್ತು ವರ್ಷದ ದಡೂತಿ ಗಂಡಸು, ಚಪ್ಪಲಿ ಕೈಯಲ್ಲಿ ಹಿಡಿದು, ತುಮಕೂರಿನ ರಸ್ತೆಯಲ್ಲಿ. ಯಾರೋ, "ಏನ್ಲಾ, ಯಾರ್ ಸತ್ರು?" ಎಂದು ಕೂಗಿದರು. ಯಾರೂ ಸಾಯಬಾರದು ದೇವರೇ, ಯಾರೂ ಸಾಯಬಾರದು ಎಂದುಕೊಂಡು ಓಡಿದೆ. ಆ ಹೊತ್ತಿಗೆ ಆ ಒಂದು ಪೊಟ್ಟಣ ಅವನ ಎದೆಯನ್ನೇ ನಿಲ್ಲಿಸಿಬಿಡುತ್ತದೆ ಎಂದೇ ನಾನು ನಂಬಿದ್ದೆ. ಆರೋಗ್ಯವಾದ ಎದೆಗೆ ಅಷ್ಟಕ್ಕೆ ಹಾಗಾಗುವುದು ತೀರಾ ಅಪರೂಪ ಎಂದು ಡಾಕ್ಟರು ಆಮೇಲೆ ಹೇಳಿದರು. ಆದರೆ ಓಡುವಾಗ ಅದು ನನಗೆ ಗೊತ್ತಿರಲಿಲ್ಲ, ಮತ್ತು ಗೊತ್ತಿಲ್ಲದೇ ಹೋದದ್ದೇ ಒಳ್ಳೆಯದಾಯಿತು.

ಬಸ್‌ಸ್ಟ್ಯಾಂಡಿನಲ್ಲಿ ಕುಣಿಗಲ್ಲಿನ ಪ್ರೈವೇಟ್ ಬಸ್ಸು ಇಂಜಿನ್ ಶುರು ಮಾಡಿ ಗುರುಗುಡುತ್ತಿತ್ತು. ಕಂಡಕ್ಟರು ಬಾಗಿಲು ತಟ್ಟಿ "ರೈಟ್" ಎಂದ. ನಾನು ಬಸ್ಸಿನ ಮುಂದೆ ಕೈಯಗಲಿಸಿ ನಿಂತೆ. ಡ್ರೈವರು ನನ್ನ ತಾಯಿಯನ್ನೂ ತಂದೆಯನ್ನೂ ಒಟ್ಟಿಗೆ ನೆನೆದ. ಲೆಕ್ಕಿಸದೆ ಒಳಗೆ ಹತ್ತಿದೆ. ಮೂರನೇ ಸೀಟಿನಲ್ಲಿ ಅಲಮೇಲಮ್ಮ ಚೌಕ ಮಡಿಕೆ ಬಿಚ್ಚಿ, ಬಾಳೆಹಣ್ಣಿನ ತುಂಡಿನ ಮೇಲೆ ಪುಡಿ ಉದುರಿಸುತ್ತಿದ್ದರು. ಕೌಸಲ್ಯ ಕಿಟಕಿಯ ಕಡೆ ಮುಖ ಮಾಡಿ ಅಳುತ್ತಿದ್ದಳು. ಹುಡುಗ ಬಾಯಿ ತೆರೆದಿದ್ದ.

ಹಣ್ಣನ್ನು ಕಿತ್ತುಕೊಂಡೆ. ಅಜ್ಜಿ ಕಿರುಚಿದರು, "ಅಯ್ಯಯ್ಯೋ, ಏನಾಯ್ತಯ್ಯಾ ನಿಂಗೆ?"

"ಅದು ಕೊನೇ ಕಟ್ಟಿಂದು ಅಜ್ಜಮ್ಮ! ನಾಲ್ಕನೇ ವಾರದ್ದು! ಬಿಳಿ ದಾರದ್ದು ಮೊದಲು ಅಂತ ಹೇಳಿದ್ನಲ್ಲ ನಾನು!"

ಅಲಮೇಲಮ್ಮ ನನ್ನನ್ನೇ ನೋಡಿದರು. ಅವರಿಗೆ ನನ್ನ ಮಾತು ನಿಜವಾಗಿಯೂ ಅರ್ಥವಾಗಲಿಲ್ಲ. "ಮಗು ಔಷಧಿ ಶುರು ಮಾಡೋವಾಗ, ಅರಿಶಿನದ್ದು ಕೈಲಿಟ್ಕೊಂಡು ಬೋಳು ಬಿಳಿ ದಾರ ಯಾರಾದ್ರೂ ಬಿಚ್ತಾರೇನಪ್ಪ? ದೇವರ ಗೂಡಲ್ಲಿಟ್ಟು, ಮಂಗಳಾರತಿ ಮಾಡಿ, ಅರಿಶಿನದ್ದೇ ತೆಗ್ದೆ. ಪೊಟ್ಟಣ ಎಲ್ಲಾ ಡಬ್ಬೀಲಿ ಹಾಕ್ದೆ. ದಾರ ಬಿಸಾಡಬಾರ್ದು ಅಂತ ಮಗು ಕೈಗೆ ಕಟ್ದೆ."

ನನ್ನ ತಾಯಿ ಬದುಕಿದ್ದರೂ ಅದನ್ನೇ ಬಿಚ್ಚುತ್ತಿದ್ದಳು. ಮಂಜುಳಮ್ಮನೂ ಅದನ್ನೇ ಬಿಚ್ಚುತ್ತಿದ್ದಳು. ಅದು ನನಗೆ ಗೊತ್ತಿರಬೇಕಿತ್ತು, ಯಾಕೆಂದರೆ ನಾನೂ ಅದೇ ಮನೆಗಳಲ್ಲಿ ಬೆಳೆದವನು. "ತಪ್ಪು ನಿಮ್ಮದಲ್ಲ. ಒಂದೊಂದೇ ವಾರದ್ದು ಕೊಡು ಅಂದಿದ್ರು ಡಾಕ್ಟ್ರು. ನಾನು ಮಾತು ಮೀರಿದೆ" ಎಂದೆ. ಅಷ್ಟು ಜನರ ಮುಂದೆ. ಕೌಸಲ್ಯ ಎದ್ದು ನಿಂತಳು, ಹೊಡೆಯುತ್ತಾಳೆ ಎಂದುಕೊಂಡೆ. ಅವಳು ಮಗನ ಎದೆಯ ಮೇಲೆ ಅಂಗೈ ಇಟ್ಟು, "ಇಳೀರಿ, ವಾಪಸ್ ಹೋಗೋಣ" ಎಂದಳು.

ಡಾಕ್ಟರಿಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಅವರು ಕೂಗಾಡಿದ್ದರೆ ವಾಸಿಯಿತ್ತು. ಕವರು ಇಸಿದುಕೊಂಡು ನಾಲ್ಕು ತುಂಡು ಮಾಡಿ ಬುಟ್ಟಿಗೆ ಹಾಕಿದರು. "ನೀನು ಬಾಯಿ ಮುಚ್ಕೊಂಡಿದ್ದಿದ್ರೆ ನಾನು ಔಷಧೀದು ತಪ್ಪು ಅಂತ ಬರೆದು ಕೂತಿರ್ತಿದ್ದೆ ಕಣಯ್ಯ. ತಪ್ಪು ಇದ್ದಿದ್ದು ಪ್ರಮಾಣದಲ್ಲಿ" ಎಂದರು. ಮೂರು ಗಂಟೆಯವರೆಗೆ ಹುಡುಗನನ್ನು ಅಲ್ಲೇ ಮಲಗಿಸಿಕೊಂಡು ಅರ್ಧ ಗಂಟೆಗೊಮ್ಮೆ ನಾಡಿ ನೋಡಿದರು. ನೂರ ಇಪ್ಪತ್ತು. ನೂರ ಎಂಟು. ತೊಂಬತ್ತಾರು. ಎರಡೂವರೆಗೆ ಹುಡುಗ, "ಅಮ್ಮ, ಹಸಿವು" ಎಂದ. ನಾನು ಒಳಗೆ ಹೋಗಿ ಕಲ್ಲಿನ ಬಟ್ಟಲಿನ ಮುಂದೆ ನಿಂತು ಅತ್ತೆ. ನಾಚಿಕೆ ಯಾಕೆ, ಅತ್ತೆ.

ಸಂಜೆ ಅವರ ಜೊತೆಯಲ್ಲೇ ಕುಣಿಗಲ್ಲಿಗೆ ಹೋಗಿ ಡಬ್ಬಿ, ಕಟ್ಟು ಎಲ್ಲವನ್ನೂ ಎಣಿಸಿ ವಾಪಸು ತಂದೆ. ನಾಲ್ಕು ದಿನ ಏನೂ ಕೊಡಲಿಲ್ಲ. ಸೋಮವಾರ ಮತ್ತೆ ಮೊದಲಿನಿಂದ, ಅರ್ಧ, ಅರ್ಧ. ಈ ಸಲ ಪ್ರತಿ ಪೊಟ್ಟಣದ ಮೇಲೂ ತಾರೀಕು ಬರೆದಿದ್ದೆ. ಭಾನುವಾರ ಭಾನುವಾರ ನಾನೇ ಬಸ್ಸು ಹಿಡಿದು ಒಂದು ವಾರದ್ದು ಮಾತ್ರ ತಲುಪಿಸಿ, ಅವನನ್ನು ತೂಗಿ, ನಾಡಿ ಎಣಿಸಿ, ಮೇಡಂ ಬರೆದ ಚೀಟಿ ತಂದು ಡಾಕ್ಟರಿಗೆ ಕೊಡುವುದು. ಅದು ಡಾಕ್ಟರು ನನಗೆ ಕೊಟ್ಟ ಶಿಕ್ಷೆ. ಕೆಲಸದಿಂದ ತೆಗೆಯಲಿಲ್ಲ.

ಒಂದೊಂದು ಭಾನುವಾರವೂ ಆ ಮನೆಯ ಬಾಗಿಲು ತಟ್ಟುವ ಮೊದಲು ಕಿವಿಗೊಟ್ಟು ಕೇಳುತ್ತಿದ್ದೆ. ಒಳಗಿನಿಂದ ಸದ್ದು ಬರದಿದ್ದರೆ? ಗೊಂಬೆಯ ಹಾಗೆ ಕೂತಿದ್ದರೆ? ಮೊದಲ ವಾರ ದೊಡ್ಡ ವ್ಯತ್ಯಾಸವೇನೂ ಇರಲಿಲ್ಲ. ಅಲಮೇಲಮ್ಮ, "ಏನೂ ಆಗ್ತಿಲ್ಲ, ಆ ಎರಡು ದಿನವೇ ಚೆನ್ನಾಗಿತ್ತು" ಎಂದು ಮುಖ ಸೊಟ್ಟ ಮಾಡಿದರು. ಎರಡನೇ ವಾರ ಬೆಳಗ್ಗೆ ಒಂದು, ಮಧ್ಯಾಹ್ನ ಅರ್ಧ. ಸರ್ವಮಂಗಳಮ್ಮ ಮೇಡಂ ಬರೆದಿದ್ದರು: ನಾಲ್ಕು ಸಲ ಎದ್ದ, ಮೂರು ಸಲ ತಾನೇ ಬಂದು ಕೂತ, ಲೆಕ್ಕ ಮುಗಿಸಿದ. ಮಧ್ಯಾಹ್ನ ಊಟ ಸ್ವಲ್ಪ ಕಡಿಮೆ, ರಾತ್ರಿ ಸರಿಯಾಗಿ ಉಣ್ಣುತ್ತಾನೆ, ನಿದ್ದೆ ಬರುತ್ತದೆ ಎಂದಳು ಕೌಸಲ್ಯ. ತೂಕ ಕುಗ್ಗಿರಲಿಲ್ಲ. ಡಾಕ್ಟರು ಚೀಟಿ ಎರಡು ಸಲ ಓದಿ, "ಇಲ್ಲೇ ನಿಲ್ಸು" ಎಂದರು. "ಇನ್ನು ಏರ್ಸೋದು ಬೇಡ. ಇವನಿಗೆ ಬೇಕಾಗಿದ್ದು ಇಷ್ಟೇ."

ಕೆಂಪು ದಾರದ ಕಟ್ಟೂ ಬೇಕಾಗಲಿಲ್ಲ. ಅರಿಶಿನದ್ದಂತೂ ಆ ಹುಡುಗನಿಗೆ ಯಾವತ್ತೂ ಬೇಕಿರಲೇ ಇಲ್ಲ.

ದೀಪಾವಳಿ ಕಳೆದು, ಟೀಸಿಯ ಮಾತು ಯಾರೂ ಎತ್ತದೆ, ಒಂದು ಶನಿವಾರ ಅವರೇ ತುಮಕೂರಿಗೆ ಬಂದರು. ನಾನು ಪೊಟ್ಟಣ ಮಡಿಸುತ್ತಿದ್ದೆ. ಮೇಜು ಅಲುಗಿತು. ನೋಡಿದರೆ ಸುಬ್ಬು ಮಂಡಿಯೂರಿ ಮೇಲೆ ಹತ್ತಿ, ತಕ್ಕಡಿಗೆ ಮುಖ ಹಚ್ಚಿದ್ದಾನೆ. ಗದರಬೇಕೆಂದು ಬಾಯಿ ತೆರೆದೆ, ಗದರಲು ಆಗಲಿಲ್ಲ.

"ಕಾಂಪೌಂಡ್ರೇ, ಅವತ್ತು ಯಾಕೆ ನೀವು ನನ್ನ ಬಾಳೇಹಣ್ಣು ಕಿತ್ಕೊಂಡಿದ್ದು?"

ಬಟ್ಟಲು ಒರೆಸಿದೆ, ಕಾಗದ ಜೋಡಿಸಿದೆ, ಕನ್ನಡಕ ಸರಿ ಮಾಡಿಕೊಂಡೆ. ಅಷ್ಟು ಹೊತ್ತಿಗೆ ಅವನು ಇನ್ನೊಂದು ಪ್ರಶ್ನೆಗೆ ಹಾರಿರಬೇಕಿತ್ತು. ತಲೆಯೆತ್ತಿದೆ. ಅವನು ನನ್ನ ಮುಖ ನೋಡುತ್ತಾ, ಉತ್ತರಕ್ಕೆ ಕಾಯುತ್ತಾ ಅಲ್ಲೇ ಇದ್ದ.